ಕಡಲ ಬದಿಯ ಕಂಪೌಂಡ್ ಗೋಡೆ: ಪಿಲ್ಲರ್ ಎಷ್ಟು ದೂರಕ್ಕೆ, ಫೂಟಿಂಗ್ ಎಲ್ಲಿಗೆ?

ಕಾರವಾರದ ಮಾಜಾಳಿ ಕಡೆ ನಮ್ಮ ಚಿಕ್ಕಮ್ಮನ ಮನೆ. ಸಮುದ್ರ ಅಂಗಳದಿಂದಲೇ ಕಾಣುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಅವರ ತೋಟದಲ್ಲಿ ತೆಂಗಿನ ಮರ ಬಿತ್ತು, ಹಂಚು ಹಾರಿತು. ಆದರೆ ಪೂರ್ವ ಬದಿಯ ಚಿರೆಕಲ್ಲಿನ ಕಂಪೌಂಡ್ ಗೋಡೆ ಅಲುಗಲಿಲ್ಲ. ಅದೇ ಗೋಡೆ ಮುಂದಿನ ವರ್ಷ ಜುಲೈ ತಿಂಗಳ ಒಂದು ರಾತ್ರಿ, ಮಳೆಗಾಲದ ಮಾಮೂಲಿ ಗಾಳಿಗೆ ಪಕ್ಕದವರ ತೋಟಕ್ಕೆ ಉರುಳಿತು.

ನಾನು ಹೋಗಿ ನೋಡಿದಾಗ ಒಂದು ವಿಷಯ ತಕ್ಷಣ ಕಣ್ಣಿಗೆ ಬಿತ್ತು. ಒಂದೇ ಒಂದು ಪಿಲ್ಲರ್ ಕೂಡ ಮುರಿದಿರಲಿಲ್ಲ. ಗೋಡೆ, ಪಿಲ್ಲರ್, ಪಿಲ್ಲರಿನ ಬುಡದಲ್ಲಿ ನೆಲದೊಳಗೆ ಹಾಕುವ ಅಗಲದ ಕಾಂಕ್ರೀಟ್ ಪಾದವಾದ ಫೂಟಿಂಗ್, ಮೂರೂ ಸೇರಿ ಒಂದೇ ತುಂಡಾಗಿ ಹೊರಗೆ ತಿರುಗಿದ್ದವು. ಫೂಟಿಂಗಿನ ಒಳಗಿನ ಅಂಚು ಮರಳಿನಿಂದ ಎದ್ದು ಬಂದು ಆಕಾಶ ನೋಡುತ್ತಿತ್ತು. ಕೆಳಗಿನ ಗುಂಡಿಯಲ್ಲಿ ನೀರು ನಿಂತಿತ್ತು.

ಹೊಸ ಗೋಡೆ ಕಟ್ಟುವ ಮಾತು ಬಂದಾಗ ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ. ಪಿಲ್ಲರ್ ಆರೂವರೆ ಅಡಿಗೆ ಹಾಕಬೇಕಾ, ಹತ್ತು ಅಡಿಗಾ, ಹದಿಮೂರು ಅಡಿಗಾ? ಚಿಕ್ಕಮ್ಮ ನನ್ನ ಕಡೆ ತಿರುಗಿ, "ತಮ್ಮಾ, ಕಂಪೌಂಡಿಗೆ ಎಂತ ಲೆಕ್ಕ? ಜಾಸ್ತಿ ಪಿಲ್ಲರ್ ಹಾಕಿದರೆ ಗಟ್ಟಿ ಅಲ್ವಾ?" ಎಂದರು. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆ ಮೂರು ಆಯ್ಕೆಗಳನ್ನು ಲೆಕ್ಕ ಹಾಕಿ ಹೋಲಿಸಿದಾಗ ನನಗೆ ಸಿಕ್ಕ ಉತ್ತರ ಸ್ವಲ್ಪ ಬೇರೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಗಾಳಿ ಎಷ್ಟು?

ಗೋಡೆಯ ಅಳತೆ ಹೀಗಿದೆ: ಉದ್ದ 30 ಮೀಟರ್, ನೆಲದಿಂದ ಎತ್ತರ ಆರು ಅಡಿ ಅಂದರೆ 1.8 ಮೀಟರ್, ದಪ್ಪ 20 ಸೆಂಟಿಮೀಟರ್.

ಗಾಳಿಯ ಹೊರೆಗೆ ನಮ್ಮಲ್ಲಿ ಐಎಸ್ 875 ಭಾಗ 3 ಎಂಬ ಕೋಡ್ ಇದೆ. ಅದರಲ್ಲಿ ಮಂಗಳೂರು ಮತ್ತು ಪಣಜಿ ಎರಡಕ್ಕೂ ಮೂಲ ವೇಗ ಸೆಕೆಂಡಿಗೆ 39 ಮೀಟರ್. ನಡುವೆ ಇರುವ ನಮ್ಮ ಕರಾವಳಿಗೂ ಅದನ್ನೇ ಹಿಡಿಯುತ್ತೇವೆ. ಸಮುದ್ರದಿಂದ ಬರುವ ಗಾಳಿಗೆ ದಾರಿಯಲ್ಲಿ ಮನೆ, ಮರ ಯಾವುದೂ ಅಡ್ಡ ಇಲ್ಲದಿದ್ದರೆ ಆ ವೇಗವನ್ನು 1.05ರಿಂದ ಗುಣಿಸಬೇಕು. ಆಗ ಸುಮಾರು 41 ಆಗುತ್ತದೆ, ಗಂಟೆಗೆ 147 ಕಿಲೋಮೀಟರ್. ವೇಗದಿಂದ ಒತ್ತಡ ಕಂಡುಹಿಡಿಯುವ ಸೂತ್ರ ಸರಳ:

```
p = 0.6 × V × V
```

ಉತ್ತರ ನ್ಯೂಟನ್ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 1000 ಬರುತ್ತದೆ. ನಮಗೆ ಅರ್ಥವಾಗುವ ಹಾಗೆ ಹೇಳಿದರೆ ಚದರ ಮೀಟರಿಗೆ 100 ಕಿಲೋ. ಆದರೆ ಗೋಡೆಯ ಮುಂದೆ ಗಾಳಿ ತಳ್ಳುತ್ತದೆ, ಹಿಂದೆ ಎಳೆಯುತ್ತದೆ. ಎರಡೂ ಸೇರಿ ಇಂಥ ಉದ್ದದ ಗೋಡೆಗೆ ಸುಮಾರು 1.3 ಪಟ್ಟು. ಹಾಗಾಗಿ ನಾನು ಚದರ ಮೀಟರಿಗೆ 130 ಕಿಲೋ ಹಿಡಿದೆ. ಒಂದು ಮೀಟರ್ ಉದ್ದದ ಗೋಡೆಯನ್ನು 234 ಕಿಲೋ ಭಾರ ಅಡ್ಡಕ್ಕೆ ತಳ್ಳುತ್ತದೆ ಅಂತಾಯಿತು.

ಈ ತಳ್ಳುವಿಕೆ ಗೋಡೆಯ ಅರ್ಧ ಎತ್ತರದಲ್ಲಿ, ಅಂದರೆ 0.9 ಮೀಟರ್ ಮೇಲೆ ಕೆಲಸ ಮಾಡುತ್ತದೆ. 234ನ್ನು 0.9ರಿಂದ ಗುಣಿಸಿದರೆ ನೆಲದ ಮಟ್ಟದಲ್ಲಿ ಉರುಳಿಸುವ ಬಲ 211 ಕಿಲೋ-ಮೀಟರ್. (ದೂರದ ಕಿಲೋಮೀಟರ್ ಅಲ್ಲ. ಕಿಲೋ ಗುಣಿಸು ಮೀಟರ್.) ತಡೆಯುವುದಕ್ಕೆ ಇರುವುದು ಗೋಡೆಯ ತೂಕ. ಚಿರೆಕಲ್ಲಿನ ಕಟ್ಟಡ ಘನ ಮೀಟರಿಗೆ 2000 ಕಿಲೋ ಎಂದು ಹಿಡಿದರೆ, ಒಂದು ಮೀಟರ್ ಉದ್ದಕ್ಕೆ 720 ಕಿಲೋ. ಅದು ಗೋಡೆಯ ದಪ್ಪದ ನಡುವೆ, ಅಂಚಿನಿಂದ ಹತ್ತೇ ಸೆಂಟಿಮೀಟರ್ ಒಳಗೆ ಕೂತಿದೆ. ಗುಣಿಸಿದರೆ ಬರೀ 72. ಗಾಳಿಯದು 211, ಗೋಡೆಯದು 72.

ಪಿಲ್ಲರ್ ಇಲ್ಲದ ನೇರ ಗೋಡೆ ಯಾಕೆ ಬೇಡ ಎನ್ನುವುದಕ್ಕೆ ಇಷ್ಟು ಸಾಕು. ಕಲ್ಲುಕಟ್ಟಡದ ಕೋಡ್ ಐಎಸ್ 1905 ಕೂಡ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ಚದರ ಮೀಟರಿಗೆ ಸುಮಾರು 115 ಕಿಲೋ ಗಾಳಿ ಇರುವಲ್ಲಿ, ಆಸರೆ ಇಲ್ಲದೆ ನಿಲ್ಲುವ ಗೋಡೆಯ ಎತ್ತರ ಅದರ ದಪ್ಪದ ನಾಲ್ಕು ಪಟ್ಟು ಮೀರಬಾರದು. 20 ಸೆಂಟಿಮೀಟರ್ ದಪ್ಪಕ್ಕೆ 80 ಸೆಂಟಿಮೀಟರ್ ಎತ್ತರ. ಸೊಂಟದವರೆಗೂ ಬಾರದು, ಅಷ್ಟೇ.

ಪಿಲ್ಲರುಗಳ ನಡುವಿನ ಕಲ್ಲಿಗೆ ಏನಾಗುತ್ತದೆ?

ಪಿಲ್ಲರ್ ಹಾಕಿದ ಮೇಲೆ ಗಾಳಿಯ ಭಾರ ಎರಡು ಹಂತದಲ್ಲಿ ಇಳಿಯುತ್ತದೆ. ಮೊದಲು ಕಲ್ಲಿನ ಗೋಡೆ ಒಂದು ಪಿಲ್ಲರಿನಿಂದ ಇನ್ನೊಂದಕ್ಕೆ ಅಡ್ಡಲಾಗಿ ಬಾಗಿ ಭಾರವನ್ನು ದಾಟಿಸಬೇಕು. ಆಮೇಲೆ ಪಿಲ್ಲರ್ ಅದನ್ನು ಫೂಟಿಂಗಿಗೆ ಇಳಿಸಬೇಕು.

ಕಲ್ಲು ಬಾಗಿದಾಗ ಒಂದು ಮುಖದಲ್ಲಿ ಎಳೆತ ಹುಟ್ಟುತ್ತದೆ. ಈ ಎಳೆತ ಅಂತರದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅಂತರ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ನಮ್ಮ ಗೋಡೆಗೆ 2 ಮೀಟರ್ ಅಂತರದಲ್ಲಿ ಚದರ ಮಿಲಿಮೀಟರಿಗೆ 0.08 ನ್ಯೂಟನ್, 3 ಮೀಟರಿನಲ್ಲಿ 0.18, 4 ಮೀಟರಿನಲ್ಲಿ 0.31. ಕೋಡ್ ಈ ದಿಕ್ಕಿನ ಎಳೆತಕ್ಕೆ ಒಂದು ಸಿಮೆಂಟಿಗೆ ಆರು ಮರಳು, ಅಂದರೆ ಒಂದಕ್ಕೆ ಆರರ ಗಾರೆಯಲ್ಲಿ 0.10, ಒಂದಕ್ಕೆ ಐದರ ಗಾರೆಯಲ್ಲಿ 0.14 ಬಿಡುತ್ತದೆ.

ಇಲ್ಲಿ ನಮ್ಮ ಊರಿನವರು ಗಮನಿಸಬೇಕಾದ ಒಂದು ಷರತ್ತು ಇದೆ. ಆ 0.10 ಸಿಗಬೇಕಾದರೆ ಕಲ್ಲಿನ ಜಜ್ಜುವ ಬಲ ಚದರ ಮಿಲಿಮೀಟರಿಗೆ 7.5 ನ್ಯೂಟನ್ ಇರಬೇಕು, 0.14 ಬೇಕಾದರೆ 10. ಚಿರೆಕಲ್ಲಿಗೆ ಅದರದೇ ಕೋಡ್ ಕೇಳುವ ಕನಿಷ್ಠ ಬಲ 3.5 ಮಾತ್ರ. ಅಂದರೆ ಇಟ್ಟಿಗೆಗೆ ಬರೆದ ಅಂಕಿಯನ್ನು ಸುಮ್ನೆ ತಂದು ಚಿರೆಕಲ್ಲಿಗೆ ಹಚ್ಚುವ ಹಾಗಿಲ್ಲ. ನಾನು ಚಿರೆಕಲ್ಲಿಗೆ 0.07ರ ಆಸುಪಾಸು ನಿಲ್ಲುತ್ತೇನೆ. ಇದು ನನ್ನ ಸ್ವಂತ ಅಂದಾಜು, ಕೋಡಿನ ಮಾತಲ್ಲ. ಆ ಲೆಕ್ಕದಲ್ಲಿ 2 ಮೀಟರ್ ಅಂತರ ಹೇಗೋ ನಿಲ್ಲುತ್ತದೆ, ಯಾಕೆಂದರೆ ಗೋಡೆಗೆ ಬುಡದ ಆಸರೆಯೂ ಸ್ವಲ್ಪ ಸಿಗುತ್ತದೆ. 3 ಮತ್ತು 4 ಹಾಗೇ ಬಿಟ್ಟರೆ ನಿಲ್ಲುವುದಿಲ್ಲ.

ಹಾಗಾದರೆ ಎಲ್ಲರೂ 2 ಮೀಟರಿಗೇ ಹಾಕಬೇಕಾ? ಬೇಡ. ಗೋಡೆಯ ತಲೆಯ ಮೇಲೆ ಪಿಲ್ಲರಿನಿಂದ ಪಿಲ್ಲರಿಗೆ ಒಂದು ಕಾಂಕ್ರೀಟ್ ಕೋಪಿಂಗ್ ಬೀಮ್ ಹಾಕಿದರೆ ಆಟವೇ ಬದಲಾಗುತ್ತದೆ. ಆಗ ಕಲ್ಲು ಅಡ್ಡಕ್ಕೆ 3 ಮೀಟರ್ ದಾಟಬೇಕಿಲ್ಲ. ಕೆಳಗೆ ನೆಲಮಟ್ಟದ ಕಾಂಕ್ರೀಟ್ ತೊಲೆಯಾದ ಪ್ಲಿಂತ್ ಬೀಮಿನಿಂದ ಮೇಲಿನ ಕೋಪಿಂಗಿಗೆ 1.8 ಮೀಟರ್ ನಿಂತರೆ ಸಾಕು. ಎಳೆತ 0.08ಕ್ಕೆ ಇಳಿಯುತ್ತದೆ. ಗೋಡೆಯ ಸ್ವಂತ ತೂಕ ಮೇಲಿಂದ ಒತ್ತಿ ಅದರಲ್ಲಿ 0.02 ಕಳೆಯುತ್ತದೆ. ಉಳಿಯುವುದು 0.06. ಒಂದಕ್ಕೆ ಐದರ ಗಾರೆಗೆ ಈ ದಿಕ್ಕಿನಲ್ಲಿ ಕೋಡ್ 0.07 ಕೊಡುತ್ತದೆ, ಕಂಪೌಂಡ್ ಗೋಡೆಗೆ ಎಂಜಿನಿಯರ್ ವಿವೇಚನೆಯ ಮೇಲೆ 0.10ರವರೆಗೂ ಬಿಡುತ್ತದೆ.

ಆ ಬೀಮ್ ದೊಡ್ಡದೇನೂ ಅಲ್ಲ. 20 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪ. ಎರಡು 10 ಎಂಎಂ ರಾಡ್, ಒಳ ಅಂಚಿಗೆ ಒಂದು, ಹೊರ ಅಂಚಿಗೆ ಒಂದು, ದಪ್ಪದ ಸರಿಯಾಗಿ ನಡುವೆ. ಹೀಗೆ ಇಟ್ಟರೆ ರಾಡಿನ ಮೇಲೂ ಕೆಳಗೂ 45 ಎಂಎಂ ಕಾಂಕ್ರೀಟ್ ಸಿಗುತ್ತದೆ. ಉಪ್ಪು ಗಾಳಿಗೆ ಅಷ್ಟು ಕವರ್ ಬೇಕೇ ಬೇಕು. ನಾಲ್ಕು ರಾಡು ತುರುಕಿ 20 ಎಂಎಂ ಕವರ್ ಬಿಟ್ಟ ಕೋಪಿಂಗುಗಳು ಕೆಲವೇ ವರ್ಷಕ್ಕೆ ತುಕ್ಕು ಹಿಡಿದು ಒಡೆದದ್ದನ್ನು ಬೈತಖೋಲ ಕಡೆ ಬೇಕಾದಷ್ಟು ನೋಡಿದ್ದೇನೆ. ಬರೀ ಮಳೆನೀರು ಜಾರಿಸಲು ಹಚ್ಚುವ ಗಾರೆಯ ಕೋಪಿಂಗ್ ಈ ಕೆಲಸ ಮಾಡುವುದಿಲ್ಲ. ರಾಡು ಪಿಲ್ಲರಿನ ಒಳಗೆ ಹೋಗಿ ಕೂರಬೇಕು.

ಇನ್ನೊಂದು ಮಾತು. ಗೋಡೆಯ ಬುಡದಲ್ಲಿ ತೇವ ತಡೆಯಲು ಪ್ಲಾಸ್ಟಿಕ್ ಹಾಳೆ ಹಾಸಿ ಕಲ್ಲು ಕಟ್ಟುವುದುಂಟು. ಆ ಹಾಳೆಯ ಮಟ್ಟದಲ್ಲಿ ಅಂಟು ಸೊನ್ನೆ. ಕೋಪಿಂಗ್ ಇದ್ದರೆ ಹೇಗೋ ನಡೆಯುತ್ತದೆ, ಇಲ್ಲದಿದ್ದರೆ ಗೋಡೆ ಅಲ್ಲಿಂದಲೇ ಮಗುಚುತ್ತದೆ. ಹಾಳೆ ಬಿಟ್ಟು ಪ್ಲಿಂತ್ ಬೀಮ್ ಕಾಂಕ್ರೀಟನ್ನೇ ಚೆನ್ನಾಗಿ ಹಾಕಿಸಿ.

ಈಗ ಬುಡ: ಉರುಳುವಿಕೆ ಮತ್ತು ನೆಲದ ಒತ್ತಡ

ಚಿಕ್ಕಮ್ಮನ ಹಳೆ ಗೋಡೆ ಬಿದ್ದದ್ದು ಇಲ್ಲಿಯೇ. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಹೊಸ ಗೋಡೆಗೆ ನಾನು ಹಿಡಿದ ವ್ಯವಸ್ಥೆ ಹೀಗೆ. 23 ಸೆಂಟಿಮೀಟರ್ ಚೌಕದ ಕಾಂಕ್ರೀಟ್ ಪಿಲ್ಲರ್. ನೆಲದ ಮಟ್ಟದಲ್ಲಿ ಪ್ಲಿಂತ್ ಬೀಮ್, ಅದರ ಮೇಲೆ ಗೋಡೆ. ಪಿಲ್ಲರ್ ಕೆಳಗೆ 30 ಸೆಂಟಿಮೀಟರ್ ದಪ್ಪದ ಫೂಟಿಂಗ್, ಅದರ ತಳ ನೆಲದಿಂದ 1 ಮೀಟರ್ ಆಳಕ್ಕೆ. ಪ್ಲಿಂತ್ ಬೀಮ್ ಇರುವುದರಿಂದ ಗೋಡೆಯ ತೂಕವೆಲ್ಲ ಫೂಟಿಂಗಿಗೆ ಬರುತ್ತದೆ, ಉರುಳುವುದನ್ನು ತಡೆಯಲು ಅದು ಬೇಕು. ಗೋಡೆಗೆ ಬೇರೆಯೇ ಕಲ್ಲಿನ ಪಾಯ ಹಾಕಿದರೆ ಆ ತೂಕ ಪಿಲ್ಲರಿನ ಲೆಕ್ಕಕ್ಕೆ ಸೇರುವುದಿಲ್ಲ, ಕೆಳಗಿನ ಅಂಕಿಗಳೂ ಹೊಂದುವುದಿಲ್ಲ.

3 ಮೀಟರ್ ಅಂತರದ ಒಂದು ಪಿಲ್ಲರ್ ತೆಗೆದುಕೊಳ್ಳಿ. ಅದರ ಪಾಲಿಗೆ ಬರುವ ಗಾಳಿ 702 ಕಿಲೋ. ಫೂಟಿಂಗಿನ ತಳದಿಂದ ಗಾಳಿಯ ನಡುಮಟ್ಟಕ್ಕೆ 1.9 ಮೀಟರ್. ಉರುಳಿಸುವ ಬಲ 1334 ಕಿಲೋ-ಮೀಟರ್. ಬಹಳ ಜನ ನೆಲದಿಂದ ಮೇಲಿನ 0.9 ಮಾತ್ರ ಹಿಡಿದು ಕೆಳಗಿನ 1 ಮೀಟರ್ ಮರೆಯುತ್ತಾರೆ. ಹಾಗೆ ಮಾಡಿದರೆ ಲೆಕ್ಕ ಅರ್ಧಕ್ಕಿಂತ ಕಡಿಮೆ ಬರುತ್ತದೆ.

ತಡೆಯುವ ತೂಕ: ಗೋಡೆ, ಬೀಮ್, ಪಿಲ್ಲರ್ ಸೇರಿ 2700 ಕಿಲೋ. ಫೂಟಿಂಗ್ 1.5 ಮೀಟರ್ ಅಗಲ (ಗೋಡೆಗೆ ಅಡ್ಡಲಾಗಿ), 1.2 ಮೀಟರ್ ಉದ್ದ (ಗೋಡೆಯ ಜೊತೆಗೆ) ಎಂದರೆ ಅದರ ತೂಕ 1350, ಅದರ ಮೇಲಿನ ಮರಳು ಸುಮಾರು 1840. ಒಟ್ಟು 5890 ಕಿಲೋ. ಬೇಸಿಗೆಯಲ್ಲಿ ಹೀಗೆ.

ಮಳೆಗಾಲದಲ್ಲಿ ಹೀಗಿರುವುದಿಲ್ಲ. ಆಗಸ್ಟ್ ತಿಂಗಳಲ್ಲಿ ಮಾಜಾಳಿ, ದೇವಬಾಗ, ಕೋಡಿಬಾಗದ ಮರಳಿನಲ್ಲಿ ಒಂದು ಮೊಳ ಅಗೆದರೆ ನೀರು. ನೀರಿನಲ್ಲಿ ಮುಳುಗಿದ ಫೂಟಿಂಗ್ ಮತ್ತು ಮರಳು ತೇಲುವ ಬಲದಿಂದ ಹಗುರವಾಗುತ್ತವೆ, ಬಾವಿಯಲ್ಲಿ ಕೊಡ ಎಳೆಯುವಾಗ ನೀರಿನೊಳಗೆ ಹಗುರ ಅನಿಸುವ ಹಾಗೆ. ನೀರು ನೆಲದ ಮಟ್ಟಕ್ಕೆ ಬಂದರೆ ಇಲ್ಲಿ ಹೆಚ್ಚೆಂದರೆ 1800 ಕಿಲೋ ಮಾಯ. ಉಳಿಯುವುದು 4090.

ಉರುಳುವ ಅಂಚಿನಿಂದ ಈ ತೂಕ 0.75 ಮೀಟರ್ ಒಳಗಿದೆ. 4090ನ್ನು 0.75ರಿಂದ ಗುಣಿಸಿ 1334ರಿಂದ ಭಾಗಿಸಿದರೆ ಭದ್ರತೆ 2.3. ಗಾಳಿಗೆ ನಾನು 1.5ಕ್ಕಿಂತ ಕೆಳಗೆ ಹೋಗುವುದೇ ಇಲ್ಲ, 2 ಸಿಕ್ಕರೆ ಸಮಾಧಾನ. ಉರುಳುವಿಕೆ ಪಾಸ್.

ಆದರೆ ಉರುಳದೆ ನಿಂತರೂ ಒಂದು ಅಂಚು ನೆಲವನ್ನು ಎಷ್ಟು ಒತ್ತುತ್ತದೆ ಎಂದು ನೋಡಬೇಕು. ಗಾಳಿ ತಳ್ಳಿದಾಗ ತೂಕದ ಗೆರೆ ಆ ಅಂಚಿನ ಕಡೆ ಸರಿಯುತ್ತದೆ, ಇನ್ನೊಂದು ಬದಿ ನೆಲದ ಮೇಲಿನ ಒತ್ತಡ ಬಿಡುತ್ತದೆ. ಆಗಿನ ಲೆಕ್ಕ:

```
q = 2 × W / (3 × B × x)
```

W ಎಂದರೆ ಒಟ್ಟು ತೂಕ. B ಎಂದರೆ ಗೋಡೆಯುದ್ದಕ್ಕೆ ಫೂಟಿಂಗಿನ ಅಳತೆ. x ಎಂದರೆ ಒತ್ತುವ ಅಂಚಿನಿಂದ ತೂಕದ ಗೆರೆಗೆ ಇರುವ ದೂರ. x ಫೂಟಿಂಗ್ ಅಗಲದ ಮೂರನೇ ಒಂದಕ್ಕಿಂತ ಕಡಿಮೆ ಇದ್ದಾಗ ಮಾತ್ರ ಈ ಸೂತ್ರ. ಇಲ್ಲಿ ಗಾಳಿ ತೂಕದ ಗೆರೆಯನ್ನು 0.33 ಮೀಟರ್ ಸರಿಸುತ್ತದೆ, ಹಾಗಾಗಿ x 0.42. ಅಂಚಿನ ಒತ್ತಡ ಚದರ ಮೀಟರಿಗೆ 5.4 ಟನ್.

ನೆಲ ಎಷ್ಟು ತಾಳುತ್ತದೆ? ಸಡಿಲವಾದ ನಯ ಮರಳು ಒಣಗಿದ್ದಾಗ 10 ಟನ್ ಎಂದು ಹಿಡಿಯುವುದು ವಾಡಿಕೆ. ನೀರು ಫೂಟಿಂಗ್ ತಳಕ್ಕಿಂತ ಮೇಲೆ ಬಂದರೆ ಅದರ ಅರ್ಧ, 5 ಟನ್. ಗಾಳಿ ಸೇರಿದ ಲೆಕ್ಕಕ್ಕೆ ಕಾಲು ಭಾಗ ಜಾಸ್ತಿ ಬಿಡಬಹುದು, 6.25 ಟನ್. 5.4 ಅದರೊಳಗೇ ಇದೆ.

ಇದೇ ರೀತಿ ಮೂರೂ ಅಂತರಗಳಿಗೆ, ನೆಲ ನೀರು ತುಂಬಿದ್ದಾಗ, ಪಿಲ್ಲರ್ ಫೂಟಿಂಗಿನ ನಡುವೆ ಇದ್ದರೆ:

| ಅಂತರ | 30 ಮೀಟರಿಗೆ ಪಿಲ್ಲರ್ | ಫೂಟಿಂಗ್ (ಮೀಟರ್) | ಉರುಳುವಿಕೆಯ ಭದ್ರತೆ | ಅಂಚಿನ ಒತ್ತಡ (ಟನ್) | ಕೋಪಿಂಗ್ ಬೀಮ್ ಇಲ್ಲದಿದ್ದರೆ ಕಲ್ಲಿನ ಎಳೆತ |
|---|---|---|---|---|---|
| 2 ಮೀಟರ್ | 16 | 1.4 × 0.9 | 2.2 | 5.4 | 0.08 |
| 3 ಮೀಟರ್ | 11 | 1.5 × 1.2 | 2.3 | 5.4 | 0.18 |
| 4 ಮೀಟರ್ | 9 | 1.6 × 1.3 | 2.3 | 5.8 | 0.31 |

ಫೂಟಿಂಗಿನ ಒಟ್ಟು ಕಾಂಕ್ರೀಟ್ ಲೆಕ್ಕ ಹಾಕಿ ನೋಡಿದರೆ ನನಗೇ ಆಶ್ಚರ್ಯವಾಯಿತು. ಮೂರರಲ್ಲೂ 6 ಘನ ಮೀಟರಿನ ಆಸುಪಾಸು. ಪಿಲ್ಲರ್ ಕಡಿಮೆ ಮಾಡಿದರೆ ಒಂದೊಂದು ಫೂಟಿಂಗ್ ದೊಡ್ಡದಾಗುತ್ತದೆ, ಅಷ್ಟೇ. ಅಂದರೆ ಬುಡದ ಮಟ್ಟಿಗೆ ಯಾವ ಅಂತರವಾದರೂ ನಡೆಯುತ್ತದೆ, ಫೂಟಿಂಗ್ ಅದಕ್ಕೆ ತಕ್ಕಂತೆ ಬೆಳೆದರೆ. ತಪ್ಪಾಗುವುದು ಪಿಲ್ಲರ್ ದೂರ ಹಾಕಿ ಫೂಟಿಂಗ್ ಮಾತ್ರ ಹಳೆಯ ಅಳತೆಯಲ್ಲೇ ಬಿಟ್ಟಾಗ.

ಹಾಗಾಗಿ ಅಂತರವನ್ನು ನಾನು ಕಲ್ಲು ನೋಡಿ ಆರಿಸುತ್ತೇನೆ. 4 ಮೀಟರಿನಲ್ಲಿ ಕೋಪಿಂಗ್ ಬೀಮಿನ ಒಂದು ಜೋಡಣೆ ಕೆಟ್ಟರೂ ಕಲ್ಲಿನ ಮೇಲೆ 0.31 ಬೀಳುತ್ತದೆ, ಅದು ನಿಲ್ಲುವ ಮಾತೇ ಇಲ್ಲ. ಕಡಲ ಬದಿಗೆ 4 ಬೇಡ. 2 ಮೀಟರ್ ಒಳ್ಳೆಯದೇ, ಕೋಪಿಂಗ್ ಬೀಮ್ ಹಾಕಲು ಸಾಧ್ಯವೇ ಇಲ್ಲದ ಕಡೆ ಅದೇ ದಾರಿ. ಆದರೆ ನೀರೂರುವ ಮರಳಿನಲ್ಲಿ ಹದಿನಾರು ಗುಂಡಿ ತೋಡುವುದು, ಪಂಪ್ ಹಚ್ಚುವುದು, ಬದಿ ಕುಸಿಯದಂತೆ ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ. 3 ಮೀಟರ್ ಅಂತರ, ಜೊತೆಗೆ ಸರಿಯಾದ ಕೋಪಿಂಗ್ ಬೀಮ್: ನನ್ನ ಆಯ್ಕೆ ಇದು. ಪಿಲ್ಲರಿಗೆ ನಾಲ್ಕು 16 ಎಂಎಂ ರಾಡ್ ಬೇಕು. 12 ಎಂಎಂ ನೆಲದ ಮಟ್ಟದಲ್ಲಿ ಸಾಕಾಗುತ್ತದೆ, ಆದರೆ ಫೂಟಿಂಗ್ ತಲೆಯ ಹತ್ತಿರ ಬಾಗುವ ಬಲ ಹೆಚ್ಚಾಗಿ ಅಲ್ಲಿ ಸಾಲುವುದಿಲ್ಲ.

ಪಿಲ್ಲರ್ ಫೂಟಿಂಗಿನ ಯಾವ ಜಾಗದಲ್ಲಿ?

ಮೇಲಿನ ಕೋಷ್ಟಕ ಒಂದು ಷರತ್ತಿನ ಮೇಲೆ ನಿಂತಿದೆ: ಪಿಲ್ಲರ್ ಫೂಟಿಂಗಿನ ನಡುವೆ ಇರಬೇಕು. ಆದರೆ ಕಂಪೌಂಡ್ ಗೋಡೆ ಗಡಿಗೆರೆಯ ಮೇಲೆಯೇ ಬರುತ್ತದೆ. ಫೂಟಿಂಗ್ ಪಕ್ಕದವರ ಜಾಗಕ್ಕೆ ಹೋಗುವಂತಿಲ್ಲ. ಹಾಗಾಗಿ ಎಲ್ಲರೂ ಮಾಡುವುದು ಏನು? ಪಿಲ್ಲರನ್ನು ಫೂಟಿಂಗಿನ ಹೊರ ಅಂಚಿಗೆ ಕೂರಿಸುತ್ತಾರೆ.

ಅದೇ 1.5 × 1.2 ಫೂಟಿಂಗ್, ಅದೇ 3 ಮೀಟರ್ ಅಂತರ, ಅದೇ ಕಲ್ಲು. ಪಿಲ್ಲರ್ ಮಾತ್ರ ಅಂಚಿಗೆ. ಗಾಳಿ ಅಂಗಳದ ಕಡೆಯಿಂದ ಹೊರಗೆ ತಳ್ಳುತ್ತಿದೆ ಎನ್ನಿ. ಗೋಡೆಯ 2700 ಕಿಲೋ ಈಗ ಉರುಳುವ ಅಂಚಿನಿಂದ 0.75 ಮೀಟರ್ ಅಲ್ಲ, 11.5 ಸೆಂಟಿಮೀಟರ್ ದೂರದಲ್ಲಿದೆ. ತಡೆಯುವ ಬಲ 1353ಕ್ಕೆ ಇಳಿಯುತ್ತದೆ. ಉರುಳಿಸುವುದು 1334. ಭದ್ರತೆ 2.3ರಿಂದ 1.0ಕ್ಕೆ ಬಂತು.

ಇನ್ನೂ ಕೆಟ್ಟದ್ದು ಇದೆ. ಗಾಳಿಯೇ ಇಲ್ಲದ ದಿನ ಕೂಡ ತೂಕದ ಗೆರೆ ಹೊರ ಅಂಚಿನ ಹತ್ತಿರ ಬಿದ್ದು ಅಲ್ಲಿ 6.9 ಟನ್ ಒತ್ತಡ ಬರುತ್ತದೆ. ನೀರು ತುಂಬಿದ ಮರಳಿಗೆ 5 ಟನ್ ಮಿತಿ. ಪ್ರತಿ ಮಳೆಗಾಲ ಗೋಡೆ ಸದ್ದಿಲ್ಲದೆ ಸ್ವಲ್ಪ ಸ್ವಲ್ಪ ಹೊರಗೆ ವಾಲುತ್ತ ಹೋಗುವುದು ಇದಕ್ಕೇ. ಚಿಕ್ಕಮ್ಮನ ಹಳೆ ಗೋಡೆಯಲ್ಲಿ ಅಂತರ 4 ಮೀಟರ್, ಫೂಟಿಂಗ್ 1.2 ಮೀಟರ್ ಚೌಕ, ಪಿಲ್ಲರ್ ಅಂಚಿಗೆ. ಅಳೆದು ಲೆಕ್ಕ ಹಾಕಿದೆ. ನೆಲ ಒಣಗಿದ್ದಾಗ ಭದ್ರತೆ 1.1, ಅದಕ್ಕೇ ಮೇ ತಿಂಗಳ ತೌಕ್ತೆಯನ್ನು ತಡೆಯಿತು. ನೀರು ತುಂಬಿದಾಗ 0.6. ಗಾಳಿ ಇಲ್ಲದೆಯೇ ಹೊರ ಅಂಚಿನ ಒತ್ತಡ 11 ಟನ್ ದಾಟುತ್ತದೆ. ಜುಲೈ ರಾತ್ರಿ ಅದಕ್ಕೆ ದೊಡ್ಡ ಗಾಳಿಯೇ ಬೇಕಾಗಿರಲಿಲ್ಲ.

ಗಾಳಿ ಹೊರಗಿನಿಂದ ಒಳಗೆ ತಳ್ಳಿದರೆ ಇದೇ ಅಂಚಿನ ಫೂಟಿಂಗ್ ಬಹಳ ಗಟ್ಟಿ. 3 ಮೀಟರ್ ಲೆಕ್ಕದಲ್ಲಿ ಭದ್ರತೆ 3.6 ಬರುತ್ತದೆ. ಪಶ್ಚಿಮದ ಗೋಡೆಗೆ ಸಮುದ್ರದ ಗಾಳಿ ಹೊರಗಿನಿಂದ ಬರುತ್ತದೆ, ಪೂರ್ವದ ಗೋಡೆಗೆ ಅಂಗಳ ದಾಟಿ ಒಳಗಿನಿಂದ. ಅವರ ಮನೆ ಜಾಗದ ಉತ್ತರ ಬದಿಗಿದೆ, ಹಾಗಾಗಿ ಅಂಗಳದಲ್ಲಿ ಗಾಳಿಗೆ ತಡೆಯೇ ಇರಲಿಲ್ಲ. ಸಮುದ್ರಕ್ಕೆ ಮುಖ ಮಾಡಿದ ಗೋಡೆ ನಿಂತು ಹಿಂದಿನದು ಬಿದ್ದದ್ದಕ್ಕೆ ಕಾರಣ ಸಿಕ್ಕಿತು. ಆದರೆ ಗಾಳಿ ತಿರುಗುತ್ತದೆ. ಪ್ರತಿ ಗೋಡೆಯನ್ನೂ ಎರಡೂ ದಿಕ್ಕಿಗೆ ನೋಡಿಯೇ ತೀರಬೇಕು.

ದಾರಿಗಳು ಮೂರು.

ಒಂದು, ಪಕ್ಕದವರ ಜೊತೆ ಮಾತಾಡಿ ಗೆರೆಯ ಮೇಲೆ ಜಂಟಿ ಗೋಡೆ ಕಟ್ಟುವುದು. ಫೂಟಿಂಗ್ ಎರಡೂ ಕಡೆ ಸಮ, ಖರ್ಚು ಅರ್ಧರ್ಧ. ಒಪ್ಪಿಗೆ ಬರೆದಿಟ್ಟುಕೊಳ್ಳಬೇಕು. ಇದಕ್ಕಿಂತ ಒಳ್ಳೆಯದು ಇಲ್ಲ, ಸಾಧ್ಯವಾದರೆ.

ಎರಡು, ಗೋಡೆಯನ್ನು ಗೆರೆಯ ಮೇಲೇ ಇಟ್ಟು ಫೂಟಿಂಗನ್ನು ಒಳಗೆ ಬೆಳೆಸುವುದು. ಇದಕ್ಕೆ 3 ಮೀಟರ್ ಅಂತರ ಕೂಡಿಬರಲಿಲ್ಲ. 2 ಮೀಟರಿಗೆ ಇಳಿದು, ಒಳಗೆ 1.8 ಮೀಟರ್ ಅಗಲ, ಗೋಡೆಯುದ್ದಕ್ಕೆ 1.6 ಮೀಟರ್ ಫೂಟಿಂಗ್ ಹಾಕಿದಾಗ ಒತ್ತಡ 5.1 ಟನ್‌ಗೆ ಬಂತು. ಎರಡು ಮೀಟರಿನಲ್ಲಿ 1.6 ಮೀಟರ್ ಫೂಟಿಂಗೇ ಆದರೆ ಅದು ಹೆಚ್ಚು ಕಡಿಮೆ ಉದ್ದಕ್ಕೂ ಒಂದು ಕಾಂಕ್ರೀಟ್ ಹಾಸು. ನಡುವೆ ಪಿಲ್ಲರ್ ಇರುವ ಫೂಟಿಂಗಿಗೆ ಹೋಲಿಸಿದರೆ ಮೀಟರಿಗೆ 2.4 ಪಟ್ಟು ಕಾಂಕ್ರೀಟ್.

ಮೂರು, ಗೋಡೆಯನ್ನೇ ಸ್ವಲ್ಪ ಒಳಗೆ ತರುವುದು. ಹೊರಮುಖ ಗೆರೆಯಿಂದ 35 ಸೆಂಟಿಮೀಟರ್ ಒಳಗೆ, ಫೂಟಿಂಗಿನ ಅಂಚು ಗೆರೆಗೆ. ಅಂತರ 3 ಮೀಟರ್, ಫೂಟಿಂಗ್ 1.8 × 1.5. ಹೊರಗೆ ತಳ್ಳುವ ಗಾಳಿಗೆ ಭದ್ರತೆ 2.4, ಒತ್ತಡ 5.7 ಟನ್. ಒಳಗೆ ತಳ್ಳುವ ಗಾಳಿಗೆ ಇನ್ನೂ ಸುಲಭ. ಕಾಂಕ್ರೀಟ್ ಒಂದೂವರೆ ಪಟ್ಟು. ಗೋಡೆಯ ಹೊರಗೆ ಉಳಿಯುವ ಜಾಗ 30 ಮೀಟರಿಗೆ ಹತ್ತೂವರೆ ಚದರ ಮೀಟರ್, ಗುಂಟೆಯ ಹತ್ತನೇ ಒಂದು ಭಾಗ. ಆ ಪಟ್ಟಿ ನಿಮ್ಮದೇ ಎಂದು ಗಡಿಕಲ್ಲು ನೆಟ್ಟು, ಫೋಟೋ ತೆಗೆದು, ಪಕ್ಕದವರಿಗೂ ಬಾಯಿಬಿಟ್ಟು ಹೇಳಿ. ನಾಳೆ ಜಗಳ ಬೇಡ.

ಶಿರಸಿ ಕಡೆಯವರಿಗೆ

ಘಟ್ಟದ ಮೇಲೆ ಇದೇ ಗೋಡೆ ಬೇರೆಯೇ ಕಥೆ. ಮೂಲ ವೇಗ ಕರಾವಳಿಯದ್ದೇ ಹಿಡಿದರೂ, ಸುತ್ತ ಅಡಿಕೆ ತೋಟ, ಮನೆ, ಮರ ಇರುವಲ್ಲಿ ಒತ್ತಡ 130ರಿಂದ ಸುಮಾರು 98 ಕಿಲೋಗೆ ಇಳಿಯುತ್ತದೆ. ಜಂಬಿಟ್ಟಿಗೆಯ ಗಟ್ಟಿ ನೆಲದಲ್ಲಿ, ನೀರು ನಿಲ್ಲದ ಕಡೆ, 3 ಮೀಟರ್ ಅಂತರಕ್ಕೆ 1.2 × 0.9 ಫೂಟಿಂಗ್ ನಡುವೆ ಪಿಲ್ಲರ್ ಇಟ್ಟರೆ ಭದ್ರತೆ 2.8, ಅಂಚಿನ ಒತ್ತಡ 9 ಟನ್. ಆ ನೆಲಕ್ಕೆ ಅದು ಭಾರವಲ್ಲ. ಬೋಳು ಗುಡ್ಡದ ನೆತ್ತಿಯಲ್ಲಿ ಮನೆ ಇದ್ದರೆ ಮಾತ್ರ ಗಾಳಿ ಏರುತ್ತದೆ, ಆಗ ಈ ರಿಯಾಯಿತಿ ಹಿಡಿಯಬೇಡಿ. ಇನ್ನು ಇಳಿಜಾರಿನಲ್ಲಿ ಒಂದು ಬದಿಗೆ ಮಣ್ಣು ತುಂಬಿಸಿದರೆ ಅದು ಕಂಪೌಂಡ್ ಅಲ್ಲ, ಮಣ್ಣು ತಡೆಯುವ ಗೋಡೆ. ಇಲ್ಲಿನ ಯಾವ ಅಂಕಿಯೂ ಅದಕ್ಕೆ ಸಲ್ಲದು.

ಈಗಿರುವ ಗೋಡೆ ಹೇಗಿದೆ ಎಂದು ತಿಳಿಯುವುದು

ಎರಡು ಪಿಲ್ಲರುಗಳ ನಡುಮಧ್ಯ ಮೇಲಿಂದ ಕೆಳಗೆ ಸೀಳು ಬಂದಿದ್ದರೆ ಅಂತರ ಜಾಸ್ತಿಯಾಗಿದೆ, ಕಲ್ಲು ಎಳೆತ ತಾಳುತ್ತಿಲ್ಲ. ನೆಲದಿಂದ ಒಂದೆರಡು ವರಸೆ ಮೇಲೆ ಅಡ್ಡ ಸೀಳು ಉದ್ದಕ್ಕೆ ಓಡಿದ್ದರೆ ಗೋಡೆ ಬುಡದಲ್ಲಿ ಮಗುಚಲು ನೋಡುತ್ತಿದೆ. ಗೋಡೆಯಲ್ಲಿ ಒಂದೂ ಸೀಳಿಲ್ಲ, ಆದರೆ ಪಿಲ್ಲರ್ ಸಮೇತ ವಾಲಿದೆ ಎಂದರೆ ತೊಂದರೆ ಫೂಟಿಂಗಿನದು. ಇದು ಹೆಚ್ಚು ಅಪಾಯ, ಯಾಕೆಂದರೆ ನೋಡಲು ಗೋಡೆ ಚೆನ್ನಾಗಿಯೇ ಕಾಣುತ್ತದೆ.

ವಾಲಿಕೆ ನೋಡಲು ಮೇಸ್ತ್ರಿಯ ತೂಕದ ಗುಂಡು ಸಾಕು. ಮೇ ಕೊನೆಗೆ ಪ್ರತಿ ಪಿಲ್ಲರಿನ ತಲೆಯಿಂದ ಗುಂಡು ಇಳಿಬಿಟ್ಟು ಬುಡದಲ್ಲಿ ದಾರಕ್ಕೂ ಪಿಲ್ಲರಿಗೂ ಎಷ್ಟು ಮಿಲಿಮೀಟರ್ ಎಂದು ಬರೆದಿಡಿ. ಅಕ್ಟೋಬರ್‌ನಲ್ಲಿ ಮತ್ತೆ ಅಳೆಯಿರಿ. ಅಂಕಿ ಬದಲಾಗಿದ್ದರೆ ನೆಲ ಒಪ್ಪುತ್ತಿಲ್ಲ. ಹೊಸದಾಗಿ ಕಟ್ಟುವವರು ಆಗಸ್ಟ್‌ನಲ್ಲೇ ಒಂದು ಗುಂಡಿ ತೋಡಿ ನೀರು ಎಲ್ಲಿಗೆ ಬರುತ್ತದೆ ನೋಡಿಟ್ಟುಕೊಳ್ಳಿ. ಗುಂಡಿ ತಳದಲ್ಲಿ 12 ಎಂಎಂ ರಾಡನ್ನು ಕೈಯಿಂದ ಒತ್ತಿದಾಗ ಅಡಿಗಿಂತ ಜಾಸ್ತಿ ಸಲೀಸಾಗಿ ಇಳಿದರೆ ಮರಳು ಸಡಿಲ. ಆಗ 10 ಟನ್ ಲೆಕ್ಕವೂ ಹೆಚ್ಚೇ ಇರಬಹುದು, ಎಂಜಿನಿಯರ್ ಹತ್ತಿರ ನೆಲ ಪರೀಕ್ಷೆ ಮಾಡಿಸಿಯೇ ಮುಂದೆ ಹೋಗಿ.

ಚಿಕ್ಕಮ್ಮ ಮೂರನೇ ದಾರಿ ಆರಿಸಿದರು. ಜಾಗ ಬಿಡಲು ಮೊದಲು ಮನಸ್ಸಿರಲಿಲ್ಲ. ಹಳೆ ಫೂಟಿಂಗ್ ಎದ್ದು ನಿಂತ ಗುಂಡಿಯ ಪಕ್ಕ ಕೂತು, ಒಂದು ಹಲಗೆಯ ನಡುವೆ ಕಲ್ಲಿಟ್ಟು, ಆಮೇಲೆ ಅಂಚಿಗಿಟ್ಟು ಬೆರಳಿನಿಂದ ತಳ್ಳಿ ತೋರಿಸಿದ ಮೇಲೆ ಒಪ್ಪಿದರು. ಜನವರಿಯಲ್ಲಿ ನೀರು ಇಳಿದಾಗ ಹನ್ನೊಂದು ಗುಂಡಿ ತೋಡಿದೆವು. ಹೊರಗಿನ ಪಟ್ಟಿಯಲ್ಲಿ ಈಗ ಅವರ ಅಬ್ಬಲಿಗೆ ಗಿಡಗಳಿವೆ, ತೂಕದ ಗುಂಡಿನ ಅಂಕಿಗಳು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಅವರದೇ ಕೈಬರಹದಲ್ಲಿವೆ.